ಕ್ಲಿಪ್ ಹೋಗಬೇಕು, ನಗು ಉಳಿಯಬೇಕು

ಗದಗಿನ ನಮ್ಮ ಸ್ಟುಡಿಯೋಗೆ ಹುಡುಗಿಯೊಬ್ಬಳು ತನ್ನ ನಿಶ್ಚಯದ ಫೋಟೊ ತಂದಿದ್ದಳು. "ಅಣ್ಣಾ, ಹಲ್ಲಿನ ಕ್ಲಿಪ್ಪಷ್ಟ ತಗೀರಿ, ನಗಿ ಹಂಗ ಇರ್ಲಿ" ಎಂದಳು. ನಗುವಿನಲ್ಲಿ ಮೇಲಿನ ಎಂಟು ಹಲ್ಲು ಕಾಣುತ್ತಿದ್ದವು. ಎಂಟರ ಮೇಲೂ ಸ್ಟೀಲ್ ಬಿಲ್ಲೆ, ಅಡ್ಡಲಾಗಿ ತಂತಿ.

ಫೋಟೊಶಾಪ್‌ನಲ್ಲಿ ಮೂಲ ಚಿತ್ರದ ಮೇಲೆ ಖಾಲಿ ಲೇಯರ್ ಹಾಕಿ. ಕ್ಲೋನ್ ಸ್ಟ್ಯಾಂಪ್ ತಗೊಂಡು Sample ಎದುರು Current & Below ಆರಿಸಿ. ಕೆಲಸ ಕೆಟ್ಟರೂ ಮೂಲ ಫೋಟೊ ಹಾಗೇ ಇರುತ್ತದೆ. ಹೀಲಿಂಗ್ ಬ್ರಶ್‌ನಿಂದ ಮಾತ್ರ ಶುರು ಮಾಡಬೇಡಿ. ಅದು ಪಕ್ಕದ ಬಣ್ಣ ಎಳೆದು ಬೆರೆಸುತ್ತದೆ. ತಂತಿಯ ಹತ್ತಿರ ಉಜ್ಜಿದರೆ ಹಲ್ಲಿನ ಮೇಲೆ ಬೂದು ಕಲೆ ಕೂರುತ್ತದೆ.

ಮುಂದಿನ ಎರಡು ದೊಡ್ಡ ಹಲ್ಲುಗಳಲ್ಲಿ ಹೆಚ್ಚು ಬಯಲು ಕಾಣುವುದನ್ನು ಮೊದಲು ಹಿಡಿಯಿರಿ. ಪೆನ್ ಟೂಲ್‌ನಿಂದ ಆ ಹಲ್ಲಿನ ಸುತ್ತ ಗೆರೆ ಎಳೆದು ಸೆಲೆಕ್ಷನ್ ಮಾಡಿ, ಫೆದರ್ 1 ಪಿಕ್ಸೆಲ್ ಸಾಕು. ಇನ್ನು ಬ್ರಶ್ ಪಕ್ಕದ ಹಲ್ಲಿಗೆ ದಾಟುವುದಿಲ್ಲ. ಬಿಲ್ಲೆಯ ಮೇಲರ್ಧಕ್ಕೆ ವಸಡಿನ ಕಡೆಯಿಂದ, ಕೆಳಗರ್ಧಕ್ಕೆ ತುದಿಯ ಕಡೆಯಿಂದ Alt ಒತ್ತಿ ಬಣ್ಣ ತಗೊಳ್ಳಿ. ಹಲ್ಲಿಗೆ ಒಂದೇ ಬಣ್ಣ ಇರುವುದಿಲ್ಲ, ಅಲ್ವಾ? ವಸಡಿನ ಹತ್ತಿರ ತುಸು ಹಳದಿ, ತುದಿಯಲ್ಲಿ ತೆಳು ಬೂದು. ಒಂದೇ ಕಡೆಯಿಂದ ತುಂಬಿದರೆ ಅದು ಸೀಮೆಸುಣ್ಣದ ತುಂಡು. ತಂತಿಯ ನೆರಳನ್ನೂ ತೆಗೆಯಿರಿ. ನಾನು ಮೊದಲ ಸಲ ಅದನ್ನೇ ಮರೆತಿದ್ದೆ. ಎಲ್ಲಾ ಹಲ್ಲಿನ ಮೇಲೂ ಮಬ್ಬು ಪಟ್ಟಿ ಉಳಿದಿತ್ತು.

ಆ ಹಲ್ಲನ್ನು Copy Merged ಕೊಟ್ಟು ಹೊಸ ಲೇಯರ್‌ಗೆ ಪೇಸ್ಟ್ ಮಾಡಿ Flip Horizontal ಕೊಟ್ಟರೆ ಜೋಡಿ ಹಲ್ಲು ಸಿಗುತ್ತದೆ. Warp ಹಿಡಿದು ಆ ಜಾಗದ ಹಲ್ಲಿನ ಆಕಾರಕ್ಕೆ ಕೂರಿಸಿ. ಆದರೆ ಹೊಳಪಿನ ಚುಕ್ಕೆಯೂ ತಿರುಗಿರುತ್ತದೆ. ಬೆಳಕು ಎಡದಿಂದ ಬಂದಿದ್ದರೆ ಅದನ್ನು ಅಳಿಸಿ, ಎಡಕ್ಕೇ ಮತ್ತೆ ಇಡಿ.

ಹೆಚ್ಚು ಹೊತ್ತು ಹಿಡಿಯುವುದು ಅಂಚು. ಹಲ್ಲುಗಳ ನಡುವಿನ ಗೆರೆ ಕಪ್ಪಲ್ಲ, ಕೆಂಪು ಬೆರೆತ ಕಂದು. ತುದಿಯಲ್ಲಿ ಎರಡು ಹಲ್ಲಿನ ಮೂಲೆಗಳು ದುಂಡಗಾಗಿ ಪುಟ್ಟ ತ್ರಿಕೋನ ಬಿಡುತ್ತವೆ. ಕೋರೆಹಲ್ಲಿನ ಕಡೆ ಹೋದಂತೆ ಅದು ದೊಡ್ಡದಾಗುತ್ತದೆ. ದೊಡ್ಡ ಹಲ್ಲಿನ ಪಕ್ಕದ್ದು ಸಾಮಾನ್ಯವಾಗಿ ಕೂದಲೆಳೆ ಗಿಡ್ಡ. ಸ್ಕೇಲ್ ಇಟ್ಟಂತೆ ತುದಿ ಕತ್ತರಿಸಿದರೆ ಕಟ್ಟಿಸಿದ ಹಲ್ಲುಸೆಟ್ ಆಗಿಬಿಡುತ್ತದೆ.

ವಸಡು ಎರಡು ಹಲ್ಲಿನ ನಡುವೆ ಚೂಪಾಗಿ ಕೆಳಗಿಳಿಯಬೇಕು. ಗುಲಾಬಿ ಬಣ್ಣವನ್ನು ಸ್ವಲ್ಪ ಮೇಲಿನ ವಸಡಿನಿಂದಲೇ ತಗೊಳ್ಳಿ, ಒದ್ದೆಯ ಹೊಳಪು ಉಳಿಸಿ. ಕ್ಲಿಪ್ ಇದ್ದಾಗ ವಸಡು ಊದುವುದುಂಟು, ಹಲ್ಲು ಗಿಡ್ಡ ಕಾಣುತ್ತದೆ. ಆ ವಸಡನ್ನು ನಾನು ತುಸುವೇ ಮೇಲೆ ಸರಿಸುತ್ತೇನೆ. ಬಿಲ್ಲೆ ಮುಂದೆ ತಳ್ಳಿದ ತುಟಿಯನ್ನಂತೂ ಮುಟ್ಟುವುದಿಲ್ಲ. ಅಲ್ಲಿ ಕೈ ಇಟ್ಟರೆ ಮುಖವೇ ಬದಲಾಗುತ್ತದೆ.

ಕೊನೆಗೆ 100%ಗೆ ಝೂಮ್ ಇಳಿಸಿ ನೋಡಿ. ಹಲ್ಲು ಕೆನ್ನೆಗಿಂತ ನುಣುಪಾಗಿದ್ದರೆ ಒಂಚೂರು ನಾಯ್ಸ್ ಸೇರಿಸಿ.

ಫೋಟೊ ಒಯ್ಯಲು ಹುಡುಗಿಯ ಅವ್ವನೂ ಬಂದಿದ್ದರು. "ಇನ್ನೊಂದೀಟು ಬೆಳ್ಳಗ ಮಾಡ್ರಿ" ಎಂದರು. ಕಣ್ಣಿನ ಬಿಳಿ ತೋರಿಸಿ, "ಇದಕ್ಕಿಂತ ಬೆಳ್ಳಗ ಮಾಡಿದ್ರ ಬರೇ ಹಲ್ಲಷ್ಟ ಕಾಣ್ತಾವ್ರಿ ಅವ್ವಾರ" ಎಂದೆ. ಹಾಗೇ ಪ್ರಿಂಟ್ ತಗೊಂಡು ಹೋದರು.