ತ್ರಿಜ್ಯ ಸಿಕ್ಕಿತು, ತುದಿಗಳು ಉಳಿದವು

ಡೊಂಬಿವಿಲಿಯಲ್ಲಿ ಸಂಜೆ ಹೊತ್ತು ಕಾಲೇಜು ಹುಡುಗರಿಗೆ ಗಣಿತ ಹೇಳಿಕೊಡುತ್ತೇನೆ. ಬರುವವರಲ್ಲಿ ಅರ್ಧದಷ್ಟು ಕನ್ನಡ ಮನೆಯವರು. ಪಾಠ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಕಲಸಿಕೊಂಡೇ ನಡೆಯುತ್ತದೆ. ಪವರ್ ಸೀರೀಸ್ x‌ನ ಯಾವ ಬೆಲೆಗಳಿಗೆ ಅಭಿಸರಿಸುತ್ತದೆ, ಅಂದರೆ ಮೊತ್ತ ಒಂದು ಸಂಖ್ಯೆಗೆ ಬಂದು ನಿಲ್ಲುತ್ತದೆ, ಎಂದು ಕೇಳಿದಾಗ ರೇಷಿಯೋ ಟೆಸ್ಟ್ ಹಾಕಿ ತ್ರಿಜ್ಯ ತೆಗೆಯುವುದು ಯಾರಿಗೂ ಭಾರವಲ್ಲ. ಮಾರ್ಕು ಹೋಗುವುದು ಅದಾದ ಮೇಲೆ, ಸಿಕ್ಕ ಅಂತರಾಳದ ಎರಡು ತುದಿಗಳಲ್ಲಿ. ಹಾಗಾಗಿ ನಾನು ಹತ್ತಾರು ಲೆಕ್ಕ ಮಾಡಿಸುವುದನ್ನು ಬಿಟ್ಟು ಒಂದೇ ಶ್ರೇಣಿ ಹಿಡಿದು ಕೂರುತ್ತೇನೆ:

Σ (x − 3)ⁿ / (n·2ⁿ), n = 1 ರಿಂದ

ಒಂದು ಪದವನ್ನು ಅದರ ಹಿಂದಿನ ಪದದಿಂದ ಭಾಗಿಸಿ ಚಿಹ್ನೆ ಬಿಟ್ಟರೆ ಉಳಿಯುವುದು |x − 3|/2 ಗುಣಿಸು n/(n + 1). n ದೊಡ್ಡದಾದಂತೆ ಎರಡನೆಯ ಭಾಗ 1ಕ್ಕೆ ಹೋಗುತ್ತದೆ, ಮಿತಿ |x − 3|/2. ಇದು 1ಕ್ಕಿಂತ ಕಡಿಮೆ ಇರಬೇಕು. ಅಂದರೆ ತ್ರಿಜ್ಯ 2, ಕೇಂದ್ರ 3, x ಇರಬೇಕಾದದ್ದು 1 ಮತ್ತು 5ರ ನಡುವೆ. ಇಲ್ಲಿ ಕೇಂದ್ರವನ್ನು ಮರೆತು −2ರಿಂದ 2 ಎಂದು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಮುಂದಿನ ಪ್ರಶ್ನೆಯೂ ಪ್ರತಿ ವರ್ಷ ಬರುವಂಥದ್ದೇ: "ಸರ್, x = 5 ಅನ್ನು ಅದೇ ಟೆಸ್ಟಿಗೆ ಹಾಕಿದರೆ ಆಗಲ್ವಾ?" ಹಾಕಿ ನೋಡು ಎನ್ನುತ್ತೇನೆ. ಬರುವುದು ಸರಿಯಾಗಿ 1. ಅದು ಬರಲೇಬೇಕು, ಮಿತಿ 1 ಆಗುವ ಜಾಗವನ್ನೇ ಅಲ್ಲವೇ ನಾವು ತುದಿ ಎಂದು ಗುರುತಿಸಿದ್ದು! 1 ಬಂದರೆ ಆ ಟೆಸ್ಟ್ ಏನೂ ಹೇಳುವುದಿಲ್ಲ. ಆದ್ದರಿಂದ ತುದಿಯ ಬೆಲೆಯನ್ನು ಮೂಲ ಶ್ರೇಣಿಗೇ ಹಾಕಬೇಕು. ಆಗ x ಮಾಯವಾಗಿ ಬರೀ ಸಂಖ್ಯೆಗಳ ಶ್ರೇಣಿ ಉಳಿಯುತ್ತದೆ, ಅದಕ್ಕೆ ಬೇರೆ ಪರೀಕ್ಷೆ ಹುಡುಕಬೇಕು.

x = 5 ಹಾಕಿದರೆ 2ⁿ ಹೊಡೆದುಹೋಗಿ 1 + 1/2 + 1/3 + 1/4 + … ಉಳಿಯುತ್ತದೆ. ಒಬ್ಬ ಹುಡುಗ ಇದನ್ನು ಕಂಪ್ಯೂಟರಿನಲ್ಲಿ ಕೂಡಿಸಿಕೊಂಡು ಬಂದಿದ್ದ. ಸಾವಿರ ಪದಕ್ಕೆ ಸುಮಾರು 7.49, ಹತ್ತು ಲಕ್ಷ ಪದಕ್ಕೆ ಸುಮಾರು 14.39. "ನಿಂತೇಹೋಗಿದೆ ಸರ್, ಇನ್ನೆಲ್ಲಿ ಏರುತ್ತೆ?" ಎಂದು ವಾದ ಬೇರೆ. ಪದಗಳನ್ನು ಹತ್ತು ಪಟ್ಟು ಮಾಡಿದಾಗಲೆಲ್ಲ ಮೊತ್ತ ಸುಮಾರು 2.3 ಏರುತ್ತದೆ, ಆ ಏರಿಕೆ ಕುಗ್ಗುವುದೇ ಇಲ್ಲ ಎಂದು ಅವನ ಅಂಕಿಗಳಲ್ಲೇ ತೋರಿಸಿದೆ. ಆಮೇಲೆ ಗುಂಪು ಕಟ್ಟಿಸಿದೆ. 1/3 + 1/4 ಅರ್ಧಕ್ಕಿಂತ ಹೆಚ್ಚು. ಮುಂದಿನ ನಾಲ್ಕು ಪದ ಸೇರಿದರೂ ಅರ್ಧಕ್ಕಿಂತ ಹೆಚ್ಚು. ಅದರ ಮುಂದಿನ ಎಂಟೂ ಹಾಗೆಯೇ. ಅರ್ಧಗಳು ಮುಗಿಯುವುದೇ ಇಲ್ಲವಾದ ಮೇಲೆ ಮೊತ್ತ ಎಲ್ಲಿ ನಿಂತೀತು? 5 ಹೊರಗೆ.

x = 1 ಹಾಕಿದರೆ ಅವೇ ಪದಗಳು, ಆದರೆ ಚಿಹ್ನೆ ಅದಲುಬದಲು: −1 + 1/2 − 1/3 + 1/4 − … ಕೂಡುತ್ತಾ ಹೋದರೆ −1, −0.5, −0.833, −0.583. ಒಮ್ಮೆ ಕೆಳಗೆ, ಒಮ್ಮೆ ಮೇಲೆ, ಪ್ರತಿ ಜಿಗಿತ ಹಿಂದಿನದಕ್ಕಿಂತ ಗಿಡ್ಡ. ಪದಗಳ ಗಾತ್ರ ಇಳಿಯುತ್ತಾ ಸೊನ್ನೆಗೆ ಹೋಗುವುದರಿಂದ ಲೈಬ್ನಿಜ್ ಪರೀಕ್ಷೆ ಸಾಕು. ಮೊತ್ತ −ln 2, ಅಂದರೆ ಸುಮಾರು −0.693. ಹೀಗಾಗಿ 1 ಒಳಗೆ, ಉತ್ತರ [1, 5). ಒಂದು ತುದಿ ನೋಡಿ ಇನ್ನೊಂದೂ ಹಾಗೇ ಇರಬೇಕು ಎಂದು ಬರೆದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಈ ಲೆಕ್ಕವನ್ನೇ ಆರಿಸಿಕೊಳ್ಳುವುದು ಅದಕ್ಕಾಗಿ.

ಇಷ್ಟಾದ ಮೇಲೆ ಛೇದದ n ಜಾಗದಲ್ಲಿ n² ಬರೆಸುತ್ತೇನೆ. ತ್ರಿಜ್ಯ ಮತ್ತೆ 2. ಆದರೆ ತುದಿಗಳಲ್ಲಿ ಈಗ ಗಾತ್ರ 1/n², ಅದು ಚಿಹ್ನೆಯ ಹಂಗಿಲ್ಲದೆ ಅಭಿಸರಿಸುತ್ತದೆ, ಎರಡೂ ಒಳಗೆ: [1, 5]. ಈ ಶ್ರೇಣಿಯನ್ನು ಪದಪದವಾಗಿ ಡಿಫರೆನ್ಷಿಯೇಟ್ ಮಾಡಿದರೆ ಘಾತದಿಂದ ಒಂದು n ಇಳಿದುಬಂದು ಛೇದದಲ್ಲಿ ಒಂದೇ n ಉಳಿಯುತ್ತದೆ. ತ್ರಿಜ್ಯ ಬದಲಾಗುವುದಿಲ್ಲ, 5 ಕೈಬಿಡುತ್ತದೆ. ಇನ್ನೊಮ್ಮೆ ಮಾಡಿದರೆ ತುದಿಗಳಲ್ಲಿ ಪದಗಳು ಸೊನ್ನೆಗೇ ಹೋಗುವುದಿಲ್ಲ, 1 ಕೂಡ ಹೋಗಿ (1, 5) ಉಳಿಯುತ್ತದೆ. ಡಿಫರೆನ್ಷಿಯೇಟ್ ಮಾಡಿದ ಶ್ರೇಣಿಗೆ ಹಳೆಯ ಅಂತರಾಳವನ್ನೇ ನಕಲು ಹೊಡೆಯಬಾರದು ಎನ್ನುವುದಕ್ಕೆ ನನಗೆ ಬೇರೆ ಉದಾಹರಣೆ ಬೇಕಾಗಿಲ್ಲ. ಇಂಟಿಗ್ರೇಟ್ ಮಾಡುವಾಗ ಇದು ತಿರುಗುಮುರುಗು: ತ್ರಿಜ್ಯ ಅಷ್ಟೇ, ಆದರೆ ಹೊರಗಿದ್ದ ತುದಿ ಒಳಗೆ ಬರಬಹುದು, ಹಾಗಾಗಿ ಅಲ್ಲೂ ಎರಡು ತುದಿಗಳನ್ನು ಹೊಸದಾಗಿ ಹಾಕಿ ನೋಡಿಸುತ್ತೇನೆ.