ಸಮಿತಿಯ ಮುಂದೆ ನಿರ್ಧಾರವೇ ಮೊದಲು ಕಾಣುವಂತೆ ಬಜೆಟ್ ಅಂಕಿಗಳನ್ನು ಜೋಡಿಸಿದ ಬಗೆ

ನಮ್ಮ ಪ್ರಯೋಗಾಲಯದ ಮುಂದಿನ ವರ್ಷದ ಬಜೆಟ್ ಪ್ರಸ್ತಾವವನ್ನು ಹಣಕಾಸು ಸಮಿತಿಗೆ ಸಿದ್ಧಪಡಿಸುವ ಕೆಲಸ ನನ್ನದು. ಒಂದು ವರ್ಷದ ಪ್ರಸ್ತಾವದಲ್ಲಿ ಸಮಿತಿ ನಿಜವಾಗಿ ತೀರ್ಮಾನಿಸಬೇಕಿದ್ದ ವಿಷಯ ಒಂದೇ ಆಗಿತ್ತು: ಪದೇ ಪದೇ ಕೆಡುತ್ತಿದ್ದ ಪರೀಕ್ಷಾ ಯಂತ್ರವನ್ನು ಉಳಿಸಿಕೊಳ್ಳುವುದೋ, ಹೊಸದನ್ನು ಕೊಳ್ಳುವುದೋ, ಬಾಡಿಗೆಗೆ ತರುವುದೋ ಎಂಬುದು. ಇಲ್ಲಿ ಕೊಡುವ ಮೊತ್ತಗಳನ್ನು ಲೆಕ್ಕ ಸುಲಭವಾಗಲೆಂದು ಸರಳಗೊಳಿಸಿದ್ದೇನೆ, ಎಲ್ಲವೂ ಲಕ್ಷಗಳಲ್ಲಿವೆ.

ಚಾಲ್ತಿ ವರ್ಷದ ವೆಚ್ಚ 212, ಮುಂದಿನ ವರ್ಷಕ್ಕೆ ಕೇಳಿದ್ದು 240. ಲೆಕ್ಕಶೀರ್ಷಿಕೆಗಳ ಕ್ರಮದಲ್ಲಿ ಬರೆದ ಪಟ್ಟಿಯಲ್ಲಿ ಹೊಸ ಯಂತ್ರದ 24 ಲಕ್ಷ ಬಂಡವಾಳ ವೆಚ್ಚದಡಿ ಕಾಣುತ್ತಿತ್ತು. ಹಳೆಯ ಯಂತ್ರದ ನಿರ್ವಹಣಾ ಒಪ್ಪಂದದಿಂದ ಉಳಿಯುವ 6 ಲಕ್ಷ ದುರಸ್ತಿ ಶೀರ್ಷಿಕೆಯಲ್ಲಿತ್ತು. ಯಂತ್ರ ನಿಂತಾಗ ಮಾದರಿಗಳನ್ನು ಹೊರಗೆ ಕಳುಹಿಸಲು ತೆರುತ್ತಿದ್ದ 4 ಲಕ್ಷ ಹೊರಗಿನ ಸೇವೆಗಳಡಿ ಸೇರಿಹೋಗಿತ್ತು. ಹೀಗೆ ಒಂದೇ ನಿರ್ಧಾರದ ಖರ್ಚು ಒಂದು ಪುಟದಲ್ಲಿ, ಅದರ ಉಳಿತಾಯ ಬೇರೆ ಎರಡು ಪುಟಗಳಲ್ಲಿ ಬಿದ್ದಿದ್ದರೆ, ಓದುವವರ ಕಣ್ಣಿಗೆ ಬೀಳುವುದು 28 ಲಕ್ಷದ ಹೆಚ್ಚಳ ಮಾತ್ರ. ಆಗ ಚರ್ಚೆ ಎಲ್ಲ ಶೀರ್ಷಿಕೆಗಳಲ್ಲೂ ಶೇಕಡಾ ಇಷ್ಟು ಕಡಿತ ಮಾಡಿ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ.

ಆದ್ದರಿಂದ ಮೊದಲು ಆ 28 ಲಕ್ಷವನ್ನು ಒಡೆದೆ. ವೇತನ ಬಡ್ತಿ ಮತ್ತು ಈಗಾಗಲೇ ಸಹಿಯಾದ ಒಪ್ಪಂದಗಳ ದರ ಏರಿಕೆ ಸೇರಿ 14 ಲಕ್ಷ ಬದ್ಧ ವೆಚ್ಚ. ಅದರ ಬಗ್ಗೆ ಆ ಸಭೆಯಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. ಉಳಿದ 14 ಲಕ್ಷ ಪೂರ್ತಿಯಾಗಿ ಯಂತ್ರದ್ದೇ, ಅಂದರೆ 24ರಲ್ಲಿ ಉಳಿಯುವ 10ನ್ನು ಕಳೆದದ್ದು. ಈ ಎರಡನ್ನು ಪ್ರತ್ಯೇಕ ಸಾಲುಗಳಲ್ಲಿ ಬರೆದ ಮೇಲೆ, ಸಮಿತಿಯ ಕೈಯಲ್ಲಿರುವುದು ಯಾವುದು ಎಂದು ವಿವರಿಸಲು ಬೇರೆ ಮಾತು ಬೇಕಾಗಲಿಲ್ಲ.

ಮೊದಲ ಪುಟದಲ್ಲಿ ಒಂದೇ ಕೋಷ್ಟಕ ಇಟ್ಟೆ.

| ಆಯ್ಕೆ | ಮೊದಲ ವರ್ಷ | 3 ವರ್ಷಕ್ಕೆ ಒಟ್ಟು | 5 ವರ್ಷಕ್ಕೆ ಒಟ್ಟು |
|---|---|---|---|
| ಹಳೆಯದನ್ನೇ ಉಳಿಸಿಕೊಳ್ಳುವುದು | 10 | 30 | 50 |
| ಬಾಡಿಗೆಗೆ ತರುವುದು | 8 | 24 | 40 |
| ಹೊಸದು ಕೊಳ್ಳುವುದು (ಶಿಫಾರಸು) | 24 | 28 | 32 |

ಹೊಸ ಯಂತ್ರಕ್ಕೆ ಮೊದಲ ವರ್ಷ ವಾರಂಟಿ ಇರುತ್ತದೆ, ಆಮೇಲೆ ವರ್ಷಕ್ಕೆ 2 ಲಕ್ಷ ನಿರ್ವಹಣೆ. ಬಾಡಿಗೆಯ 8 ಲಕ್ಷದಲ್ಲಿ ನಿರ್ವಹಣೆಯೂ ಸೇರಿದೆ. ಮೂರು ವರ್ಷದ ಕಾಲಂ ಅನ್ನು ಬಿಟ್ಟಿದ್ದರೆ ನನ್ನ ಶಿಫಾರಸು ಇನ್ನಷ್ಟು ಬಲವಾಗಿ ಕಾಣುತ್ತಿತ್ತು, ಆದರೆ ಅಲ್ಲಿ ಬಾಡಿಗೆಯೇ ಅಗ್ಗ ಎಂಬುದನ್ನು ಸಮಿತಿ ತಿಳಿಯಲೇಬೇಕು. ನಾಲ್ಕನೆಯ ವರ್ಷದ ಕೊನೆಗೆ ಖರೀದಿ 30, ಬಾಡಿಗೆ 32 ಆಗುತ್ತದೆ. ಹಾಗಾಗಿ ಸಮಿತಿ ಉತ್ತರಿಸಬೇಕಾದ ಪ್ರಶ್ನೆ ಈ ಪರೀಕ್ಷೆ ಇನ್ನು ನಾಲ್ಕು ವರ್ಷವಾದರೂ ನಡೆಯುತ್ತದೆಯೇ ಎಂಬುದು. ಅದನ್ನೇ ಕೋಷ್ಟಕದ ಮೇಲಿನ ವಾಕ್ಯವಾಗಿ ಬರೆದೆ: "ಈ ಪರೀಕ್ಷೆ ಕನಿಷ್ಠ ನಾಲ್ಕು ವರ್ಷ ಮುಂದುವರಿಯುವುದಾದರೆ ಯಂತ್ರವನ್ನು ಕೊಳ್ಳುವುದು ಲಾಭಕರ, ಇಲ್ಲವಾದರೆ ಬಾಡಿಗೆ ಸಾಕು." ‘ಯಂತ್ರೋಪಕರಣ ವೆಚ್ಚದ ಹೋಲಿಕೆ’ ಎಂಬಂಥ ಶೀರ್ಷಿಕೆ ಆ ಜಾಗದಲ್ಲಿ ಏನನ್ನೂ ಹೇಳುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೋಷ್ಟಕದ ಕೆಳಗೆ, ಯಾವ ಅಂದಾಜು ತಪ್ಪಿದರೆ ಫಲಿತಾಂಶ ತಿರುಗುತ್ತದೆ ಎಂಬುದನ್ನೂ ಸೇರಿಸಿದೆ. ಹಳೆಯ ಯಂತ್ರದ ಲೆಕ್ಕದಲ್ಲಿ ಅನುಮಾನಕ್ಕೆ ಎಡೆ ಇದ್ದದ್ದು ಹೊರಗೆ ಕಳುಹಿಸುವ ಖರ್ಚಿನಲ್ಲಿ. ಅದು ವರ್ಷಕ್ಕೆ 4 ಲಕ್ಷದಿಂದ 40 ಸಾವಿರಕ್ಕೆ ಇಳಿದರೆ ಮಾತ್ರ ಐದು ವರ್ಷದಲ್ಲಿ ಹಳೆಯದು ಮತ್ತು ಹೊಸದು ಸರಿಸಮನಾಗುತ್ತವೆ. ಯಂತ್ರವನ್ನು ದಿನವೂ ನಡೆಸುವವರನ್ನು ಕೇಳಿದೆ. ಅಷ್ಟು ಇಳಿಯುವ ಸಾಧ್ಯತೆ ಇಲ್ಲವೆಂದರು. ಎಲ್ಲ ಮೊತ್ತಗಳೂ ಇಂದಿನ ಬೆಲೆಯವು, ಐದು ವರ್ಷದ ನಂತರ ಯಂತ್ರದ ಮರುಮಾರಾಟದ ಮೌಲ್ಯವನ್ನು ಸೊನ್ನೆ ಎಂದು ಹಿಡಿದಿದೆ ಎಂಬುದನ್ನು ಅಲ್ಲಿಯೇ ಒಂದು ಸಾಲಿನಲ್ಲಿ ತಿಳಿಸಿದೆ.

ಬಣ್ಣಗಳನ್ನು ಬಳಸಲಿಲ್ಲ, ಏಕೆಂದರೆ ಸದಸ್ಯರ ಕೈಗೆ ಹೋಗುವುದು ಕಪ್ಪು-ಬಿಳುಪು ಪ್ರತಿ. ಶಿಫಾರಸಿನ ಸಾಲು ಮಾತ್ರ ದಪ್ಪಕ್ಷರದಲ್ಲಿತ್ತು. ಎರಡನೆಯ ಸಾಲನ್ನೂ ದಪ್ಪ ಮಾಡಿದರೆ ಮೊದಲನೆಯದರ ಒತ್ತು ಹೋಗುತ್ತದೆ. ಶೀರ್ಷಿಕೆವಾರು ಪೂರ್ಣ ಪಟ್ಟಿಯನ್ನು ಅನುಬಂಧಕ್ಕೆ ಸರಿಸಿ, ಕೋಷ್ಟಕದ 24, 6 ಮತ್ತು 4 ಅಲ್ಲಿ ಯಾವ ಸಾಲಿನಲ್ಲಿವೆ ಎಂಬ ಸಂಖ್ಯೆ ಕೊಟ್ಟೆ. ಅನುಬಂಧದಲ್ಲಿ ಪೂರ್ಣ ಮೊತ್ತಗಳಿದ್ದು ಮೊದಲ ಪುಟದಲ್ಲಿ ಅವನ್ನು ಲಕ್ಷಕ್ಕೆ ಸರಿಹೊಂದಿಸಿದಾಗ, ಕೂಡಿದ ಮೊತ್ತ ಒಂದಂಕಿಯಷ್ಟು ವ್ಯತ್ಯಾಸವಾಗಬಹುದು. ಲೆಕ್ಕ ಬಲ್ಲ ಸದಸ್ಯರು ಮೊದಲು ಹಿಡಿಯುವುದು ಅದನ್ನೇ, ಅಲ್ಲಿಂದ ಮುಂದೆ ಉಳಿದ ಅಂಕಿಗಳ ಮೇಲೂ ಅವರಿಗೆ ಸಂಶಯ ಹುಟ್ಟುತ್ತದೆ. ಹಾಗಾಗಿ ಕಾರಣವನ್ನು ಕೋಷ್ಟಕದ ಅಡಿಯಲ್ಲೇ ನಮೂದಿಸಬೇಕು.

ಪುಟದ ಕೊನೆಯಲ್ಲಿ ಗೊತ್ತುವಳಿಯ ಕರಡನ್ನೂ ಇಟ್ಟೆ. ಅದರಲ್ಲಿ ಮಂಜೂರಾಗಬೇಕಾದ ಮೊತ್ತ, ಯಾವ ಶೀರ್ಷಿಕೆಯಿಂದ ಎಷ್ಟು ಇಳಿಸಬೇಕು ಎಂಬ ವಿವರ, ಮತ್ತು ಬಾಡಿಗೆಯನ್ನೇ ಆರಿಸಿದರೆ ಒಟ್ಟು ಬಜೆಟ್ 240ರ ಬದಲು 224 ಆಗುತ್ತದೆ ಎಂಬ ಪರ್ಯಾಯ ವಾಕ್ಯ ಇದ್ದವು. ಸಭೆಯಲ್ಲಿ ಬಂದ ಮೊದಲ ಪ್ರಶ್ನೆ ಪರೀಕ್ಷೆ ಎಷ್ಟು ವರ್ಷ ನಡೆಯುತ್ತದೆ ಎಂಬುದೇ ಆಗಿತ್ತು.