ಸ್ಟಿಕ್ಕರ್ ಕೆಂಪಾದ ಮಾತ್ರಕ್ಕೆ ವಾರಂಟಿ ಹೋಯಿತೇ?

ಜೂನ್ ಮಳೆಯಲ್ಲಿ ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದಿದ್ದ ನನ್ನ ಚಿಕ್ಕಪ್ಪನ ಮಗ, ಸರ್ವಿಸ್ ಸೆಂಟರಿನಲ್ಲಿ ಪಕ್ಕ ಕೂತವರ ಫೋನ್ ಇಸ್ಕೊಂಡು ಕರೆ ಮಾಡಿದ. "ಅಣ್ಣ, ಮೊಬೈಲ್ ಒಳಗೆ ನೀರು ಹೋಗಿದೆ ಅಂತಾರೆ. ವಾರಂಟಿ ಇಲ್ವಂತೆ. ಬೋರ್ಡಿಗೆ ಒಂಬತ್ತು ಸಾವಿರ ಕೇಳ್ತಿದಾರೆ. ಸೈನ್ ಹಾಕ್ಲಾ?"

"ಹಾಕಬೇಡ ಮಾರಾಯ. ಯಾವ ಸ್ಟಿಕ್ಕರ್ ಕೆಂಪಾಗಿದೆ ಅಂತ ಮೊದಲು ಕೇಳು" ಅಂದೆ.

ಬಹಳಷ್ಟು ಮೊಬೈಲುಗಳ ಒಳಗೆ ಸಣ್ಣ ಬಿಳಿ ಸ್ಟಿಕ್ಕರ್ ಇರುತ್ತದೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ಹೆಚ್ಚಾಗಿ ಒಂದು ಸಿಮ್ ಟ್ರೇ ತೂರುವ ಜಾಗದಲ್ಲೇ ಇರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಬ್ಯಾಟರಿ, ಬೋರ್ಡಿನ ಹತ್ತಿರವೂ ಇರುತ್ತವೆ. ಕೌಂಟರಿನ ಹುಡುಗ ಟ್ರೇ ಎಳೆದು, ಟಾರ್ಚ್ ಬಿಟ್ಟು, ಕೆಂಪು ಕಂಡ ಕೂಡಲೇ 'ಲಿಕ್ವಿಡ್ ಡ್ಯಾಮೇಜ್' ಅಂತ ಬರೆದುಬಿಡುತ್ತಾನೆ. ಆದರೆ ಆ ಕೆಂಪು ಹೇಳುವುದು ಇಷ್ಟೇ: ಇಲ್ಲಿಗೆ ಯಾವಾಗಲೋ ತೇವ ತಾಗಿದೆ. ಮೊಬೈಲ್ ಕೆಟ್ಟಿದ್ದು ಅದರಿಂದಲೇ ಅಂತ ಅದು ಹೇಳುವುದಿಲ್ಲ. ನಾವು ಹಿಡಿಯಬೇಕಾದ ಎಳೆ ಇದು.

ಹಾಗಾಗಿ ಮೊದಲ ಕೆಲಸ, ತೊಂದರೆ ಶುರುವಾಗಿದ್ದು ಯಾವಾಗ ಅಂತ ಕಾಗದದಲ್ಲಿ ತೋರಿಸುವುದು. ಇವನ ಮೊಬೈಲ್ ತಾನಾಗಿ ಆಫ್ ಆಗಿ ಆನ್ ಆಗುತ್ತಿತ್ತು. ಇದೇ ದೂರು ಹೇಳಿಕೊಂಡು ಫೆಬ್ರುವರಿಯಲ್ಲೂ ಹೋಗಿದ್ದ. ಅಂಗಳದಲ್ಲಿ ಅಡಿಕೆ ಒಣಗುವ ಕಾಲ ಅದು, ಹನಿ ಮಳೆ ಇರಲಿಲ್ಲ. ಆಗ ಸಾಫ್ಟ್‌ವೇರ್ ಹಾಕಿ ಕಳಿಸಿದ್ದರು. ಆ ಜಾಬ್ ಶೀಟಿನಲ್ಲಿ ತೊಂದರೆಯ ಜಾಗದಲ್ಲಿ 'ರೀಸ್ಟಾರ್ಟ್' ಅಂತಲೂ, ಮೊಬೈಲಿನ ಸ್ಥಿತಿಯ ಜಾಗದಲ್ಲಿ 'ಹಾನಿ ಇಲ್ಲ' ಅಂತಲೂ ಇತ್ತು. ಅದೃಷ್ಟಕ್ಕೆ ಆ ಹಾಳೆಯನ್ನು ಅವನು ಬಿಸಾಕಿರಲಿಲ್ಲ.

ಎರಡನೆಯದು, ನಿಮ್ಮ ಎದುರಿಗೇ ಬಿಚ್ಚಿಸುವುದು. ಒಪ್ಪದಿದ್ದರೆ ಒಳಗಿನ ಬೋರ್ಡಿನ ಫೋಟೊ ಕೇಳಿ. ನೋಡಬೇಕಾದದ್ದು ಕಿಲುಬು. ನೀರು ಕುಡಿದ ಬೋರ್ಡಿನಲ್ಲಿ ಕನೆಕ್ಟರುಗಳ ಸುತ್ತ ಹಸಿರು ಅಥವಾ ಬಿಳಿ ಪುಡಿ ಕಟ್ಟಿರುತ್ತದೆ, ತಾಮ್ರದ ಚೊಂಬು ಹುಳಿಗೆ ಕಿಲುಬು ಹಿಡಿದ ಹಾಗೆ. ಇವನ ಮೊಬೈಲಿನಲ್ಲಿ ಟ್ರೇ ಹತ್ತಿರದ ಸ್ಟಿಕ್ಕರ್ ಅಂಚಿನಲ್ಲಿ ಮಾತ್ರ ಕೆಂಪಾಗಿತ್ತು, ಬ್ಯಾಟರಿ ಪಕ್ಕದ್ದು ಬೆಳ್ಳಗೇ ಇತ್ತು. ಬೋರ್ಡ್ ಸ್ವಚ್ಛ. ಮಳೆಯಲ್ಲಿ ಒದ್ದೆ ಕೈಯಲ್ಲಿ ಸಿಮ್ ಬದಲಿಸಿದ್ದೆ ಅಂತ ಅವನೇ ಆಮೇಲೆ ಒಪ್ಪಿಕೊಂಡ.

ಒಂದು ಮಾತು. 'ನಮ್ಮ ಮಲೆನಾಡಿನ ಥಂಡಿಗೇ ಕೆಂಪಾಯ್ತು' ಅಂತ ವಾದಿಸಲು ಹೋಗಬೇಡಿ. ಬರೀ ಹವೆಯ ತೇವಕ್ಕೆ ಬಣ್ಣ ಬದಲಾಗದಂತೆ ಮಾಡಿದ್ದೇವೆ ಅಂತ ಕಂಪನಿಯವರು ಮೊದಲೇ ಬರೆದಿಟ್ಟಿರುತ್ತಾರೆ. ಚಾರ್ಜ್ ಆಗುತ್ತಿಲ್ಲ ಅನ್ನುವುದೇ ದೂರಾಗಿದ್ದು, ಚಾರ್ಜಿಂಗ್ ಜಾಗದಲ್ಲೇ ಕಿಲುಬು ಇದ್ದರಂತೂ ಸುಮ್ನೆ ದುಡ್ಡು ಕೊಟ್ಟು ಬರುವುದೇ ವಾಸಿ.

ಎಸ್ಟಿಮೇಟಿಗೆ ಸಹಿ ಹಾಕಲೇಬೇಕು ಅಂದರೆ, ಅದರ ಮೇಲೆ 'ನೀರಿನಿಂದ ಕೆಟ್ಟಿದೆ ಎಂಬುದನ್ನು ನಾನು ಒಪ್ಪುವುದಿಲ್ಲ' ಅಂತ ಕೈಯಲ್ಲಿ ಬರೆದು ಸಹಿ ಹಾಕಿ, ಫೋಟೊ ತೆಗೆದುಕೊಳ್ಳಿ. ಸಿಟ್ಟಿನಲ್ಲಿ ಮೊಬೈಲನ್ನು ಬೇರೆ ಅಂಗಡಿಯಲ್ಲಿ ಬಿಚ್ಚಿಸಬೇಡಿ. ಆಮೇಲೆ 'ಹೊರಗಿನವರು ಕೈ ಹಾಕಿದ್ದಾರೆ' ಅನ್ನುವ ಎರಡನೇ ನೆಪ ಅವರಿಗೆ ಸಿಕ್ಕಿಬಿಡುತ್ತದೆ.

ಮುಂದಿನದು ಕಂಪನಿಗೆ ಇಮೇಲ್. ಉದ್ದ ಬೇಡ. ಬಿಲ್, ಎರಡೂ ಜಾಬ್ ಶೀಟ್, ಬೋರ್ಡಿನ ಫೋಟೊ, *#06# ಒತ್ತಿದರೆ ಬರುವ ಐಎಂಇಐ ನಂಬರ್ ಹಾಕಿ. ಕೇಳಬೇಕಾದ ಪ್ರಶ್ನೆ ಎರಡೇ: ಬೋರ್ಡಿನ ಯಾವ ಭಾಗ ನೀರಿನಿಂದ ಕೆಟ್ಟಿದೆ? ಮಳೆಗಾಲಕ್ಕೆ ಮೊದಲೇ ಇದೇ ತೊಂದರೆ ಇದ್ದದ್ದು ಹೇಗೆ? ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆವು. ಎರಡನೇ ಪ್ರಶ್ನೆಗೆ ಕಂಪನಿಯಿಂದ ಉತ್ತರ ಬರಲೇ ಇಲ್ಲ. ಮೂರು ವಾರದ ಮೇಲೆ, ಮೊಬೈಲ್ ತಂದುಕೊಡಿ, ಬೋರ್ಡ್ ಬದಲಿಸುತ್ತೇವೆ ಅಂತ ಕರೆ ಬಂತು.

ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ತೀರ್ಥಹಳ್ಳಿಯವರಿಗೆ ಶಿವಮೊಗ್ಗದಲ್ಲೇ ಆಗುತ್ತದೆ. ತಕರಾರು ಎದ್ದ 2 ವರ್ಷದೊಳಗೆ ಕೊಡಬೇಕು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಪರೀಕ್ಷೆ ಮಾಡದೆ ದೋಷ ತಿಳಿಯುವಂತಿಲ್ಲ ಅನ್ನಿಸಿದರೆ, 38ನೇ ಸೆಕ್ಷನ್ ಪ್ರಕಾರ ಆಯೋಗವೇ ವಸ್ತುವಿಗೆ ಸೀಲ್ ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. 45 ದಿನದೊಳಗೆ ವರದಿ ಬರಬೇಕು ಅನ್ನುವುದು ನಿಯಮ. ಇದನ್ನು ದೂರಿನಲ್ಲೇ ಕೇಳಿಕೊಳ್ಳಿ. ಆದರೆ ಪರೀಕ್ಷೆಯ ಖರ್ಚನ್ನು ಮೊದಲು ದೂರುದಾರರಿಂದಲೇ ಕಟ್ಟಿಸಿಕೊಳ್ಳಬಹುದು. ಹದಿನೆಂಟು ಸಾವಿರದ ಮೊಬೈಲಿಗೆ ಅದು ಗಿಟ್ಟುತ್ತದೆಯೇ ಅಂತ ಲೆಕ್ಕ ಹಾಕಿಕೊಂಡೇ ಅರ್ಜಿ ಬರೆಯಿರಿ.